ನೆಟ್ ಬ್ಯಾಂಕಿಂಗ್ ನೋಂದಣಿಗೆ ಕೂರುವ ಮುನ್ನ

ಸಾಗರ

ಚಿರಂಜೀವಿ ಸಹನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ಮೊದಲ ಸಂಬಳ ಕೈಸೇರಿದೆಯೆಂದೂ ಈ ಭಾನುವಾರ ಸ್ಟೇಟ್ ಬ್ಯಾಂಕಿನ ಖಾತೆಗೆ ನೆಟ್ ಬ್ಯಾಂಕಿಂಗ್ ಮಾಡಿಕೊಳ್ಳುವೆಯೆಂದೂ ನಿನ್ನ ಅಪ್ಪ ತಿಳಿಸಿದ. ಬ್ಯಾಂಕಿನ ಕೌಂಟರಿನಲ್ಲಿ ಬಹಳ ವರ್ಷ ಕುಳಿತವನಾದ್ದರಿಂದ ಕೆಲವು ಮಾತುಗಳನ್ನು ನಿನಗೆ ಬರೆದು ತಿಳಿಸಬೇಕೆನಿಸಿತು.

ಪಾಸ್‌ಬುಕ್, ಎಟಿಎಂ ಕಾರ್ಡ್ ಮತ್ತು ಖಾತೆಗೆ ಜೋಡಿಸಿರುವ ಮೊಬೈಲನ್ನು ಹತ್ತಿರ ಇಟ್ಟುಕೋ. ಖಾತೆ ಸಂಖ್ಯೆ, ಬ್ಯಾಂಕು ಗ್ರಾಹಕರನ್ನು ಗುರುತಿಸುವ ಸಿಐಎಫ್ ಸಂಖ್ಯೆ, ಶಾಖೆಯ ಕೋಡ್ ಎಲ್ಲವೂ ಪಾಸ್‌ಬುಕ್ಕಿನ ಮೊದಲ ಪುಟದಲ್ಲೇ ಇರುತ್ತವೆ. ಬ್ಯಾಂಕಿನ ಹೆಸರನ್ನು ಹುಡುಕಿ, ಮೇಲೆ ಕಂಡ ಕೊಂಡಿಯನ್ನು ಒತ್ತಬೇಡ. ವಿಳಾಸವನ್ನು ನೀನೇ ಟೈಪ್ ಮಾಡು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ನಮ್ಮ ಬ್ಯಾಂಕುಗಳ ವಿಳಾಸಗಳು 2025ರಿಂದ `.bank.in` ಎಂಬುದಕ್ಕೆ ಬದಲಾಗಿವೆ. ಆದರೆ ಆ ಅಕ್ಷರಗಳು ಎಲ್ಲೋ ಒಂದೆಡೆ ಕಂಡರೆ ಸಾಲದು, `https://` ಕಳೆದ ಮೇಲೆ ಬರುವ ಮೊದಲ ಓರೆಗೆರೆಗೆ ಮುಂಚೆ ವಿಳಾಸವು ಅದರಲ್ಲೇ ಕೊನೆಗೊಳ್ಳಬೇಕು. `sbi.bank.in` ಬ್ಯಾಂಕಿನದು, `sbi.bank.in.example.com` ಎಂದಿದ್ದರೆ ಅದು ಬೇರೆ ಯಾರದೋ ಮನೆಯ ಬಾಗಿಲು.

ನೋಂದಣಿಯ ನಮೂನೆಯಲ್ಲಿ ಯಾವ ಮಟ್ಟದ ಸೌಲಭ್ಯ ಬೇಕೆಂದು ಕೇಳುತ್ತಾರೆ: ಖಾತೆಯನ್ನು ನೋಡಲು ಮಾತ್ರವೋ, ಸೀಮಿತ ವ್ಯವಹಾರಕ್ಕೋ, ಪೂರ್ಣ ವ್ಯವಹಾರಕ್ಕೋ ಎಂದು. ನೀನು ಊರಿಗೆ ಹಣ ಕಳಿಸಬೇಕಾದವಳು, ಪೂರ್ಣವನ್ನೇ ಆರಿಸಿಕೋ. ಮೊಬೈಲಿಗೆ ಬಂದ ಒಟಿಪಿಯನ್ನು ನಮೂದಿಸಿ, ಎಟಿಎಂ ಕಾರ್ಡಿನ ಮೂಲಕ ದೃಢೀಕರಿಸಿದರೆ ಶಾಖೆಗೆ ಹೋಗುವ ಅಗತ್ಯ ಬೀಳದು.

ಇನ್ನು ಪಾಸ್‌ವರ್ಡ್. ಇದನ್ನು ಮನಸ್ಸಿಟ್ಟು ಓದು. `Ganesha@1999` ಎಂದು ಬರೆದರೆ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲವೂ ಇರುವುದರಿಂದ ಬ್ಯಾಂಕಿನ ಪರದೆ ಒಪ್ಪಿಕೊಳ್ಳುತ್ತದೆ. ಆದರೆ ದೇವರ ಹೆಸರನ್ನೂ ಹುಟ್ಟಿದ ಇಸವಿಯನ್ನೂ ನಿನ್ನನ್ನು ಬಲ್ಲವರು ಯಾರು ಬೇಕಾದರೂ ಊಹಿಸಬಲ್ಲರು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಕೆಲವೇ ಸಲ ತಪ್ಪಿದರೂ ಬ್ಯಾಂಕು ಬಾಗಿಲು ಮುಚ್ಚಿಬಿಡುವುದರಿಂದ ಕಳ್ಳರು ಅಲ್ಲಿ ಕುಳಿತು ಒಂದೊಂದಾಗಿ ಊಹಿಸುತ್ತಾ ಹೋಗುವುದಿಲ್ಲ. ಯಾವುದೋ ಬಟ್ಟೆ ಅಂಗಡಿಯ ಜಾಲತಾಣದಿಂದ ಸೋರಿಹೋದ ನಿನ್ನ ಪಾಸ್‌ವರ್ಡನ್ನು ತಂದು ಬ್ಯಾಂಕಿನಲ್ಲಿ ಒಂದೇ ಒಂದು ಸಲ ಪ್ರಯತ್ನಿಸುತ್ತಾರೆ. ಆದ್ದರಿಂದ ಬ್ಯಾಂಕಿನ ಪಾಸ್‌ವರ್ಡ್ ಬೇರೆಲ್ಲೂ ಬಳಸದೇ ಇರುವಂಥದ್ದಾಗಬೇಕು, ಉದ್ದವಾಗಿಯೂ ಇರಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಕನ್ನಡದ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದರೆ ನೆನಪಿಗೂ ಸುಲಭ: `Hunase4-Kodali-Mugilu` ಎಂಬಂತೆ. ಇದು ಇಪ್ಪತ್ತೊಂದು ಅಕ್ಷರವಾಯಿತು. ಬ್ಯಾಂಕು ಇಪ್ಪತ್ತಕ್ಕೇ ನಿಲ್ಲಿಸಿದರೆ ಒಂದು ಗೆರೆಯನ್ನು ಬಿಡಬಹುದು. ನಾನು ಬರೆದು ಕಳಿಸಿದ ಮೇಲೆ ಇದು ಗುಟ್ಟಲ್ಲ, ನಿನ್ನದನ್ನು ನೀನೇ ಕಟ್ಟಿಕೋ, ನನಗೂ ಹೇಳಬೇಡ. ಸ್ಟೇಟ್ ಬ್ಯಾಂಕಿನಲ್ಲಿ ಒಳಹೋಗಲು ಒಂದು, ಪ್ರೊಫೈಲಿಗೆ ಇನ್ನೊಂದು ಪಾಸ್‌ವರ್ಡ್ ಇರುತ್ತದೆ. ಹಣ ಪಡೆಯುವವರನ್ನು ಸೇರಿಸಲೂ ಮಿತಿಯನ್ನು ಬದಲಿಸಲೂ ಎರಡನೆಯದು ಬೇಕು. ಎರಡನ್ನೂ ಒಂದೇ ಮಾಡಿದರೆ ಎರಡು ಬೀಗಕ್ಕೆ ಒಂದೇ ಕೀಲಿ ಮಾಡಿಸಿದಂತಾಗುತ್ತದೆ.

ಮಿತಿಯನ್ನು ಗೊತ್ತುಮಾಡುವಾಗ ಬ್ಯಾಂಕು ಎಷ್ಟರವರೆಗೆ ಬಿಡುತ್ತದೆಂದು ನೋಡಬೇಡ. ಹಣವನ್ನು ತಕ್ಷಣ ತಲುಪಿಸುವ ಐಎಂಪಿಎಸ್ ಮೂಲಕವೇ ಒಂದು ಸಲಕ್ಕೆ 5 ಲಕ್ಷದವರೆಗೆ ಕಳಿಸಬಹುದು, ಅದೂ ನಡುರಾತ್ರಿಯಲ್ಲಿ. ನಿನಗೆ ಅದು ಬೇಕಿಲ್ಲ. ಮನೆ ಬಾಡಿಗೆ 9,000, ಅಪ್ಪನಿಗೆ 8,000 ಎಂದುಕೊಂಡರೆ, ಎರಡನ್ನೂ ಬೇರೆ ಬೇರೆ ದಿನ ಕಳಿಸಿ ದಿನದ ಮಿತಿಯನ್ನು 10,000ಕ್ಕೆ ನಿಲ್ಲಿಸಬಹುದು. ಹಣ ಪಡೆಯುವವರನ್ನು ಸೇರಿಸುವಾಗ ಪ್ರತಿಯೊಬ್ಬರಿಗೂ ಮಿತಿ ಹಾಕಬಹುದು: ಮನೆಯ ಮಾಲೀಕರಿಗೆ 9,000, ಅಪ್ಪನಿಗೆ 8,000. ಎಂದೋ ಒಮ್ಮೆ ತಂಗಿಯ ಕಾಲೇಜು ಶುಲ್ಕಕ್ಕೆ 40,000 ಬೇಕಾದರೆ ಆ ದಿನ ಏರಿಸಿ, ಹಣ ಹೋದ ಕೂಡಲೇ ಇಳಿಸಿಬಿಡು.

ಹೀಗೆ ಮಾಡುವುದರಿಂದ ಇನ್ನೊಂದು ಅನುಕೂಲವಿದೆ. ದೊಡ್ಡ ಮೊತ್ತ ಸಾಗಿಸಬೇಕಾದ ಕಳ್ಳ ಮೊದಲು ಮಿತಿಯನ್ನು ಏರಿಸಬೇಕು, ಹೊಸ ಹೆಸರನ್ನು ಸೇರಿಸಬೇಕು. ಅದಕ್ಕೆ ಒಟಿಪಿ ಬರುವುದು ನಿನ್ನ ಮೊಬೈಲಿಗೇ. ನೀನು ಏನೂ ಮಾಡದಿರುವಾಗ ಅಂಥ ಸಂದೇಶ ಬಂದರೆ, ಹಣ ಇನ್ನೂ ಖಾತೆಯಲ್ಲೇ ಇದೆ, ಪಾಸ್‌ವರ್ಡ್ ಮಾತ್ರ ಹೋಗಿದೆ ಎಂದು ತಿಳಿ. ಆ ಹೊತ್ತಿನಲ್ಲಿ ಬ್ಯಾಂಕಿನವನೆಂದು ಫೋನ್ ಮಾಡಿ ಸಂಖ್ಯೆ ಕೇಳುವವನಿಗೆ ಉತ್ತರಿಸದೆ, ಕಾರ್ಡಿನ ಹಿಂದಿರುವ ನಂಬರಿಗೆ ನೀನೇ ಕರೆಮಾಡಿ ನೆಟ್ ಬ್ಯಾಂಕಿಂಗನ್ನು ನಿಲ್ಲಿಸು. ಹಣವೇ ಹೋಗಿದ್ದರೆ ಜೊತೆಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ತಡಮಾಡದೆ ತಿಳಿಸು. ಒಮ್ಮೆ ನನ್ನ ಕೌಂಟರಿಗೆ ಬಂದ ಮೇಷ್ಟ್ರೊಬ್ಬರು ಇಂಥ ಸಂದೇಶವನ್ನು ಮಾರನೆಯ ದಿನ ತೋರಿಸಿದರು. ಅಷ್ಟರಲ್ಲಿ ಮಗಳ ಮದುವೆಗೆ ಇಟ್ಟಿದ್ದ ಹಣ ಹೋಗಿತ್ತು. ಅವರ ಮುಖ ನನಗೆ ಇಂದಿಗೂ ಮರೆತಿಲ್ಲ.

ಅಪ್ಪನ ಖಾತೆಯನ್ನು ಸೇರಿಸಿದ ಮೇಲೆ ಮೊದಲು ಹತ್ತು ರೂಪಾಯಿ ಮಾತ್ರ ಕಳಿಸು. ಹಣ ಜಮೆಯಾಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆಯೇ. ಒಂದು ಅಂಕಿ ತಪ್ಪಿದರೂ ಬೇರೊಬ್ಬರ ಖಾತೆಗೆ ಹೋದೀತು. ಹತ್ತು ರೂಪಾಯಿ ಬಂತೆಂದು ಅವನ ಬಾಯಿಂದಲೇ ಕೇಳಿಕೊಂಡು, ಉಳಿದದ್ದನ್ನು ಕಳಿಸು.

ಇಂತು ನಿನ್ನ ಹಿತಚಿಂತಕ,
ದೊಡ್ಡಪ್ಪ