ಸಜ್ಜೆಯ ಅರ್ಗಟ್ ಬೇರೆ, ಯುರೋಪಿನ ಬೆಂಕಿರೋಗ ಬೇರೆ

ಮಾನ್ಯರೇ,

ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಸಜ್ಜೆಯ ಅರ್ಗಟ್ ರೋಗದ ಬಗ್ಗೆ ಪ್ರಕಟವಾದ ಬರಹವನ್ನು ಓದಿದೆ. ಆ ರೋಗ ತಗುಲಿದ ಸಜ್ಜೆಯ ರೊಟ್ಟಿ ತಿಂದವರಿಗೆ ಇಲ್ಲದ್ದೆಲ್ಲ ಕಣ್ಣಿಗೆ ಕಟ್ಟುತ್ತದೆ, ರಕ್ತ ಹರಿಯದೆ ಕೈಕಾಲಿನ ಬೆರಳುಗಳು ಕಪ್ಪಾಗಿ ಕಳಚಿ ಬೀಳುತ್ತವೆ ಎಂದು ಅದರಲ್ಲಿತ್ತು. ಅದನ್ನು ಓದಿದ ನಮ್ಮೂರಿನ ಒಬ್ಬ ತಾಯಿ, ಸಂಕ್ರಾಂತಿಗೆಂದು ಎತ್ತಿಟ್ಟಿದ್ದ ಸಜ್ಜೆಯನ್ನು ಎಮ್ಮೆಗೆ ಹಾಕಿಬಿಡಲೇ ಎಂದು ನನ್ನನ್ನು ಕೇಳಿದರು. ಹಾಗೆ ಹಾಕುವುದೂ ತಪ್ಪು. ಅದಕ್ಕೆ ಕಾರಣವನ್ನು ಮುಂದೆ ಬರೆದಿದ್ದೇನೆ. ಕೃಷಿ ಇಲಾಖೆಯಲ್ಲಿದ್ದಷ್ಟು ಕಾಲವೂ ಸಜ್ಜೆಯ ತೆನೆಗಳ ನಡುವೆಯೇ ಓಡಾಡಿದ ನನಗೆ ಈ ಗೊಂದಲವನ್ನು ಹಾಗೆಯೇ ಬಿಡಲು ಮನಸ್ಸಾಗಲಿಲ್ಲ.

ಆ ಬರಹದಲ್ಲಿ ಹೇಳಿದ ಭೀಕರ ಕಥೆಗಳು ಸುಳ್ಳಲ್ಲ. ಆದರೆ ಅವು ಸಜ್ಜೆಯವಲ್ಲ, ಯುರೋಪಿನಲ್ಲಿ ಬೆಳೆಯುವ ರೈ ಎಂಬ ಧಾನ್ಯದವು. ರೈ ತೆನೆಗೆ ತಗುಲುವ ಶಿಲೀಂಧ್ರದ ಹೆಸರು ಕ್ಲಾವಿಸೆಪ್ಸ್ ಪರ್ಪ್ಯೂರಿಯಾ. ಕ್ರಿ.ಶ. 857ರಲ್ಲಿ ರೈನ್ ನದಿಯ ಸೀಮೆಯಲ್ಲಿ ಜನರ ಮೈಮೇಲೆ ಗುಳ್ಳೆಗಳೆದ್ದು, ಸಾಯುವ ಮೊದಲೇ ಅಂಗಾಂಗಗಳು ಕೊಳೆತು ಬಿದ್ದುವೆಂದು ಕ್ಸಾಂಟೆನ್ ಎಂಬ ಊರಿನ ವಾರ್ಷಿಕ ದಾಖಲೆಯಲ್ಲಿ ಬರೆದಿಟ್ಟಿದ್ದಾರೆ. ರೋಗಿಗಳಿಗೆ ಕೈಕಾಲು ಸುಟ್ಟಂತೆ ಉರಿಯುತ್ತಿದ್ದುದರಿಂದ ಮುಂದೆ ಅದಕ್ಕೆ ಸಂತ ಅಂತೋಣಿಯ ಬೆಂಕಿ ಎಂಬ ಹೆಸರು ಬಂತು. 11ನೇ ಶತಮಾನದ ಕೊನೆಗೆ ಫ್ರಾನ್ಸಿನಲ್ಲಿ ಆ ಸಂತನ ಹೆಸರಿನ ಸೇವಾಸಂಘವೊಂದು ಹುಟ್ಟಿ ಇಂಥ ರೋಗಿಗಳನ್ನು ನೋಡಿಕೊಳ್ಳತೊಡಗಿತು. ಫ್ರಾನ್ಸಿನ ಕಡೆ ಅಂಗ ಕೊಳೆಯುವ ಬಗೆಯೇ ಹೆಚ್ಚಾಗಿದ್ದರೆ, ಜರ್ಮನಿಯ ಕಡೆ ಮೈಮೇಲೆ ಇರುವೆ ಹರಿದಂತಾಗುವುದು, ಕೈಕಾಲು ಸೆಟೆದು ತಿರುಚಿಕೊಳ್ಳುವುದು, ಬುದ್ಧಿ ಕೆಟ್ಟು ಇಲ್ಲದ್ದನ್ನು ಕಂಡಂತೆ ಮಾತಾಡುವುದು ಹೆಚ್ಚಾಗಿತ್ತು.

ಒಂದೇ ಶಿಲೀಂಧ್ರ ಇವೆರಡನ್ನೂ ಮಾಡಲು ಕಾರಣ ಅದರ ಆಲ್ಕಲಾಯ್ಡ್‌ಗಳು, ಅಂದರೆ ಅದು ತನ್ನೊಳಗೆ ತಯಾರಿಸಿಕೊಳ್ಳುವ ವಿಷಪದಾರ್ಥಗಳು. ರೈ ಅರ್ಗಟ್‌ನಲ್ಲಿರುವ ಎರ್ಗೋಟಮಿನ್ ಮತ್ತು ಅದರ ಬಳಗದವು ರಕ್ತನಾಳದ ಗೋಡೆಯ ಸ್ನಾಯುವನ್ನು ಹಿಡಿದು ಬಿಗಿಯುತ್ತವೆ. ಒಂದು ದಿನ ತಿಂದು ಬಿಟ್ಟರೆ ನಾಳ ಮತ್ತೆ ಸಡಿಲಗೊಂಡೀತು. ಆದರೆ ಬೇರೆ ಧಾನ್ಯವಿಲ್ಲದ ಬಡವರು ಅದೇ ಹಿಟ್ಟಿನ ರೊಟ್ಟಿಯನ್ನು ವಾರಗಟ್ಟಲೆ ತಿನ್ನುತ್ತಿದ್ದರು. ಹೃದಯದಿಂದ ಬಲು ದೂರವಿರುವ ಕಾಲ್ಬೆರಳುಗಳಿಗೆ ಮೊದಲು ರಕ್ತ ನಿಲ್ಲುತ್ತದೆ. ಪಾದ ತಣ್ಣಗಾಗುತ್ತದೆ, ಮುಟ್ಟಿದರೆ ನಾಡಿ ಸಿಗುವುದಿಲ್ಲ, ರೋಗಿಗೆ ಮಾತ್ರ ಕೆಂಡದ ಮೇಲೆ ಕಾಲಿಟ್ಟಂಥ ಉರಿ. ಕೊನೆಗೆ ಬೆರಳು ಒಣಗಿ ಕಪ್ಪಾಗಿ ಕಳಚುತ್ತದೆ. ಇನ್ನು ಭ್ರಮೆಯ ಮಾತು: ಈ ವಿಷಗಳ ನಡುಗಟ್ಟು ಲೈಸರ್ಜಿಕ್ ಆಮ್ಲ. ಅದರಿಂದಲೇ ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಹಾಫ್ಮನ್ 1938ರಲ್ಲಿ ಎಲ್‌ಎಸ್‌ಡಿ ತಯಾರಿಸಿ, ಅದು ಭ್ರಮೆ ಹುಟ್ಟಿಸುತ್ತದೆಂಬುದನ್ನು 1943ರಲ್ಲಿ ಕಂಡುಕೊಂಡದ್ದು. ಎಲ್‌ಎಸ್‌ಡಿ ಪ್ರಯೋಗಾಲಯದಲ್ಲಿ ಹುಟ್ಟಿದ್ದೇ ಹೊರತು ಹೊಲದ ಯಾವ ತೆನೆಯಲ್ಲೂ ಇರುವುದಲ್ಲ.

ಸಜ್ಜೆಗೆ ಬರುವುದು ಬೇರೆ ಶಿಲೀಂಧ್ರ. ಅದರ ಹೆಸರು ಕ್ಲಾವಿಸೆಪ್ಸ್ ಫ್ಯೂಸಿಫಾರ್ಮಿಸ್. 1967ರಲ್ಲಿ ಅದನ್ನು ಪ್ರತ್ಯೇಕ ಜಾತಿಯೆಂದು ವಿವರಿಸಲಾಯಿತು. ಇದು ತಯಾರಿಸುವುದು ಅಗ್ರೋಕ್ಲಾವಿನ್, ಎಲಿಮೋಕ್ಲಾವಿನ್ ಮೊದಲಾದ ಕ್ಲಾವಿನ್ ಬಳಗದ ವಿಷಗಳನ್ನು. ಎರಡೂ ಬಳಗಗಳ ನಡುಗಟ್ಟು ಹೆಚ್ಚುಕಡಿಮೆ ಒಂದೇ, ಆದರೆ ಎರ್ಗೋಟಮಿನ್‌ಗೆ ಅಂಟಿಕೊಂಡಿರುವ ಉದ್ದನೆಯ ಬಾಲ ಕ್ಲಾವಿನ್‌ಗಳಿಗಿಲ್ಲ. ರಕ್ತನಾಳವನ್ನು ಅಷ್ಟು ಗಟ್ಟಿಯಾಗಿ ಬಿಗಿಯುವ ಶಕ್ತಿ ಆ ಬಾಲವಿದ್ದವುಗಳದ್ದು. ಆದ್ದರಿಂದಲೇ ನಮ್ಮ ದೇಶದಲ್ಲಿ ಸಜ್ಜೆಯಿಂದ ಜನ ಅಸ್ವಸ್ಥರಾದ ಪ್ರಕರಣಗಳ ಚಿತ್ರ ಯುರೋಪಿನದಕ್ಕಿಂತ ತೀರಾ ಭಿನ್ನವಾಗಿದೆ. 1975ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಇಂಥ ಪ್ರಕರಣ ನಡೆದಾಗ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಅದನ್ನು ಅಧ್ಯಯನ ಮಾಡಿ ಮರುವರ್ಷ ವರದಿ ಪ್ರಕಟಿಸಿದರು. ಅಲ್ಲಿ ಕಂಡದ್ದು ಹೊಟ್ಟೆ ತೊಳಸುವುದು, ವಾಂತಿ, ತಲೆಸುತ್ತು, ಮತ್ತು ಎಬ್ಬಿಸಿದರೂ ಏಳಲಾರದಂಥ ದೀರ್ಘ ಮಂಪರು. ಯಾರ ಬೆರಳೂ ಕಪ್ಪಾಗಲಿಲ್ಲ, ಯಾರೂ ಸಾಯಲಿಲ್ಲ. ಅಂಗ ಕೊಳೆಯುವ ಅರ್ಗಟ್ ರೋಗ ಅದಾದ ಎರಡು ಮೂರು ವರ್ಷಗಳಲ್ಲೇ, 1977-78ರಲ್ಲಿ, ಇಥಿಯೋಪಿಯಾದ ವೊಲ್ಲೊ ಪ್ರಾಂತದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಅದಕ್ಕೆ ಕಾರಣವಾದದ್ದು ಬಾರ್ಲಿಯ ಹೊಲದಲ್ಲಿ ಕಳೆಯಾಗಿ ಬೆಳೆದ ಕಾಡು ಓಟ್ಸ್, ಸಜ್ಜೆಯಲ್ಲ.

ಈ ವ್ಯತ್ಯಾಸವನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಬೆರಳು ಕಪ್ಪಾಗುವುದನ್ನೋ ಭ್ರಮೆಯನ್ನೋ ಕಾಯುತ್ತ ಕುಳಿತವರಿಗೆ ನಿಜವಾದ ಲಕ್ಷಣ ಕಣ್ಣಿಗೆ ಬೀಳುವುದೇ ಇಲ್ಲ. ಮನೆಮಂದಿಯೆಲ್ಲ ಒಂದೇ ಹೊತ್ತಿನಲ್ಲಿ ವಾಂತಿ ಮಾಡಿ ತಲೆ ಎತ್ತಲಾರದೆ ಮಲಗಿದರೆ ನಿನ್ನೆಯ ಪಲ್ಯ ಹಳಸಿತ್ತೆಂದೇ ಎಲ್ಲರೂ ಹೇಳುತ್ತಾರೆ. ಎರಡು ದಿನಕ್ಕೆ ಸುಧಾರಿಸಿಕೊಂಡು ಅದೇ ಚೀಲದ ಸಜ್ಜೆಯನ್ನು ಮತ್ತೆ ಬೀಸಿಸುತ್ತಾರೆ. ವಾಂತಿಯ ಜೊತೆಗೆ ಅಸಹಜ ಮಂಪರು ಇದ್ದು, ರೊಟ್ಟಿ ತಿನ್ನದವರು ಮಾತ್ರ ಆರೋಗ್ಯವಾಗಿದ್ದರೆ, ರೋಗಿಯನ್ನು ವೈದ್ಯರ ಬಳಿಗೆ ಕರೆದೊಯ್ಯುವಾಗ ಹಿಟ್ಟನ್ನಷ್ಟೇ ಅಲ್ಲ, ಬೀಸದೆ ಉಳಿದ ಕಾಳನ್ನೂ ಒಂದು ಹಿಡಿ ಕಟ್ಟಿಕೊಂಡು ಹೋಗಬೇಕು. ಹಿಟ್ಟಿನಲ್ಲಿ ಅರ್ಗಟ್ ಇದೆಯೇ ಎಂದು ಬರಿಗಣ್ಣಿಗೆ ಹೇಳಲಾಗುವುದಿಲ್ಲ, ಕಾಳಿನಲ್ಲಿ ಹೇಳಬಹುದು.

ಕಾಳಿನಲ್ಲಿ ಗುರುತಿಸುವುದು ಹೇಗೆಂದರೆ, ಹೂ ಬಿಟ್ಟ ತೆನೆಗೆ ಮೋಡ, ಜಿಟಿಜಿಟಿ ಮಳೆ ಸಿಕ್ಕ ಕೆಲವೇ ದಿನಗಳಲ್ಲಿ ಜೇನಿನಂಥ ಅಂಟುದ್ರವ ತೆನೆಯಿಂದ ತೊಟ್ಟಿಕ್ಕುತ್ತದೆ. ಮೊದಲು ನಸುಗೆಂಪು, ಆಮೇಲೆ ಕಂದು. ಆ ಅಂಟು ಒಣಗುವ ಹೊತ್ತಿಗೆ ಕಾಳು ಕಟ್ಟಬೇಕಾದ ಜಾಗದಲ್ಲಿ ಕಡುಕಂದು ಬಣ್ಣದ, ಸಜ್ಜೆಗಿಂತ ಉದ್ದನೆಯ ಒಂದು ಗಟ್ಟಿ ಗಂಟು ಹೊಟ್ಟಿನಿಂದ ಹೊರಗೆ ಚಾಚುತ್ತದೆ. ಇದು ಕಾಳಲ್ಲ, ಶಿಲೀಂಧ್ರವೇ. ಉಗುರಿನಿಂದ ಮುರಿದರೆ ಗಟ್ಟಿಯಾಗಿ ತುಂಡಾಗುತ್ತದೆ, ಒಳಗೆ ಬಣ್ಣ ತಿಳಿಯಾಗಿರುತ್ತದೆ. ಕಪ್ಪು ಪುಡಿ ಉದುರಿದರೆ ಅದು ಅರ್ಗಟ್ ಅಲ್ಲ, ಕಾಡಿಗೆ ರೋಗ. ಕಣದಲ್ಲಿ ಇಲಿ ಹಿಕ್ಕೆಯನ್ನೂ ಜನ ಇದೆಂದು ತಿಳಿಯುವುದುಂಟು. ಕಷ್ಟವೆಂದರೆ ರಾಶಿ ಮಾಡುವಾಗ ಈ ಗಂಟುಗಳು ತುಂಡಾಗಿ ಕಾಳಿನ ಗಾತ್ರಕ್ಕೇ ಬರುತ್ತವೆ. ಆಗ ಜರಡಿ ಹಿಡಿದರೂ ಮೊರದಲ್ಲಿ ಕೇರಿದರೂ ಪೂರ್ತಿ ಬೇರೆಯಾಗುವುದಿಲ್ಲ.

ಅದಕ್ಕೆ ಉಪ್ಪುನೀರು ಬೇಕು. ಅರ್ಗಟ್ ಗಂಟು ಸಜ್ಜೆಗಿಂತ ಹಗುರ, ಆದರೆ ಬರೀ ನೀರಿನಲ್ಲಿ ತೇಲುವಷ್ಟು ಹಗುರವಲ್ಲ. ನೀರಿಗೆ ಉಪ್ಪು ಕರಗಿಸಿ ಭಾರ ಹೆಚ್ಚಿಸಿದರೆ ಅದು ಮೇಲಕ್ಕೆ ಬರುತ್ತದೆ, ಸಜ್ಜೆ ತಳ ಸೇರುತ್ತದೆ. 5 ಲೀಟರ್ ನೀರಿಗೆ 1 ಕಿಲೋ ಉಪ್ಪು. ನಾನು ಮೇಲೆ ಹೇಳಿದ ಆ ತಾಯಿಯ ಮನೆಯಲ್ಲೇ ಇದನ್ನು ಮಾಡಿ ತೋರಿಸಿದೆ. ಒಂದು ಬಕೆಟ್‌ನಲ್ಲಿ ಉಪ್ಪು ಪೂರ್ತಿ ಕರಗಿದ ಮೇಲೆ ಸಜ್ಜೆಯನ್ನು ಎರಡೆರಡು ಬೊಗಸೆ ಬಿಟ್ಟು ಕೈಯಾಡಿಸಿದೆವು. ಹೊಟ್ಟು, ಜೊಳ್ಳು, ಅವುಗಳ ನಡುವೆ ಕಡುಕಂದು ತುಣುಕುಗಳು ಮೇಲೆ ಬಂದು ಬಕೆಟ್‌ನ ಅಂಚಿಗೆ ಅಂಟಿಕೊಂಡವು. ಅವರು ಬೆರಳ ತುದಿಯಿಂದ ಒಂದನ್ನು ಎತ್ತಿ, ಇದನ್ನು ನಾನು ಸುಟ್ಟ ಕಾಳೆಂದುಕೊಂಡಿದ್ದೆ ಎಂದರು. ತೇಲಿದ್ದನ್ನೆಲ್ಲ ಜಾಲಿಸೌಟಿನಿಂದ ತೆಗೆದು, ತಳದ ಕಾಳನ್ನು ಮೂರು ಸಲ ಸಿಹಿನೀರಿನಲ್ಲಿ ತೊಳೆದು, ಗರಿಗರಿಯಾಗುವವರೆಗೆ ಒಣಗಿಸಿದೆವು. ಹಸಿ ಆರದ ಕಾಳನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿದು ಬೇರೆಯೇ ವಿಷ ಸೇರೀತು. ಆದ್ದರಿಂದ ಒಣಗಿಸುವುದರಲ್ಲಿ ಅವಸರ ಮಾಡಬಾರದು. ಬಿತ್ತನೆ ಬೀಜಕ್ಕೂ ಇದೇ ಉಪ್ಪುನೀರು ನಡೆಯುತ್ತದೆ, ಉಪ್ಪಿನಲ್ಲಿ ಬಹಳ ಹೊತ್ತು ನೆನೆಯದಂತೆ ನೋಡಿಕೊಂಡು ಚೆನ್ನಾಗಿ ತೊಳೆದರಾಯಿತು.

ತೇಲಿಬಂದದ್ದನ್ನು ದನಕ್ಕೆ, ಹಂದಿಗೆ, ಕೋಳಿಗೆ ಹಾಕದೆ ಸುಡಬೇಕು ಅಥವಾ ಆಳವಾಗಿ ಹೂಳಬೇಕು. ಕ್ಲಾವಿನ್‌ಗಳು ರಕ್ತನಾಳವನ್ನು ಅಷ್ಟು ಬಿಗಿಯದಿದ್ದರೂ ಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್‌ಅನ್ನು ತಡೆಯುತ್ತವೆ. 1950ರ ದಶಕದಲ್ಲಿ ಆಗಿನ ರೊಡೇಷಿಯಾದಲ್ಲಿ, ಅಂದರೆ ಇಂದಿನ ಜಿಂಬಾಬ್ವೆಯಲ್ಲಿ, ಅರ್ಗಟ್ ತಗುಲಿದ ಸಜ್ಜೆಯನ್ನು ತಿಂದ ಗಬ್ಬದ ಹಂದಿಗಳಿಗೆ ಈದ ಮೇಲೆ ಹಾಲೇ ಇಳಿಯದೆ ಮರಿಗಳು ಹಸಿವಿನಿಂದ ಸತ್ತುದು ದಾಖಲಾಗಿದೆ. ಎಮ್ಮೆಗೆ ಹಾಕಬೇಡಿ ಎಂದು ಆ ತಾಯಿಗೆ ಹೇಳಿದ್ದು ಇದೇ ಭಯದಿಂದ.

ನಮ್ಮ ಆಹಾರ ಸುರಕ್ಷತಾ ನಿಯಮವು ಧಾನ್ಯದಲ್ಲಿ ಅರ್ಗಟ್ ತೂಕದ ಲೆಕ್ಕದಲ್ಲಿ ಶೇ 0.05ನ್ನು ಮೀರಬಾರದೆನ್ನುತ್ತದೆ. 10 ಕಿಲೋ ಸಜ್ಜೆಗೆ 5 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಚಹಾ ಚಮಚದಷ್ಟು. ಬಕೆಟ್‌ನ ಮೇಲೆ ತೇಲಿದ್ದರಲ್ಲಿ ಹೊಟ್ಟು ಜೊಳ್ಳು ಬಿಟ್ಟು ಕಡುಕಂದು ಗಂಟುಗಳಷ್ಟೇ ಅದಕ್ಕಿಂತ ಹೆಚ್ಚಾಗಿ ಕಂಡರೆ ಆ ಚೀಲವನ್ನು ಕೊಂಡ ಅಂಗಡಿಗೆ ಹಿಂದಿರುಗಿಸುವ ಹಕ್ಕು ನಮಗಿದೆ.

ಹೊಲದಲ್ಲಿ ಈ ರೋಗ ಏಕೆ ಬರುತ್ತದೆಂಬುದನ್ನೂ ಆ ಬರಹ ಬಿಟ್ಟಿತ್ತು. ಸಜ್ಜೆಯ ತೆನೆಯಲ್ಲಿ ಹೆಣ್ಣು ಎಳೆಗಳು ಮೊದಲು ಹೊರಬರುತ್ತವೆ, ಗಂಡು ಪರಾಗ ಒಂದೆರಡು ದಿನ ತಡ. ಪರಾಗ ಬಿದ್ದ ಕೆಲವೇ ಗಂಟೆಗಳಲ್ಲಿ ಹೆಣ್ಣು ಎಳೆ ಬಾಡಿ ಶಿಲೀಂಧ್ರಕ್ಕೆ ದಾರಿ ಮುಚ್ಚಿಹೋಗುತ್ತದೆ. ಮಳೆಗೆ ಪರಾಗ ತೊಳೆದುಹೋದರೆ ಆ ದಾರಿ ತೆರೆದೇ ಇರುತ್ತದೆ. 1965ರಲ್ಲಿ ಹೈಬ್ರಿಡ್ ತಳಿ ಎಚ್‌ಬಿ-1 ಬಂದ ಮೇಲೆ ಹೈಬ್ರಿಡ್‌ಗಳು ಹರಡಿ, ಇಡೀ ಹೊಲ ಒಟ್ಟಿಗೆ ಹೂ ಬಿಡತೊಡಗಿದಾಗ ಅರ್ಗಟ್ ಬಲವಾಯಿತು. ಹಳೆಯ ನಾಟಿ ತಳಿಗಳ ಹೊಲದಲ್ಲಾದರೆ ಯಾವುದಾದರೊಂದು ತೆನೆಯಿಂದ ಪರಾಗ ಹಾರುತ್ತಲೇ ಇರುತ್ತಿತ್ತು. ಮೊದಲೇ ಹೂ ಬಿಡುವ ತಳಿಯನ್ನು ನಡುನಡುವೆ ಬಿತ್ತಿದರೆ ರೋಗ ಇಳಿಯುವುದಕ್ಕೆ ಇದೇ ಕಾರಣ.

ತಾವು ತಿದ್ದುಪಡಿಯನ್ನು ಪ್ರಕಟಿಸುವುದಾದರೆ, ಅದೇ ಕೃಷಿ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, 5 ಲೀಟರ್ ನೀರಿಗೆ 1 ಕಿಲೋ ಉಪ್ಪು ಎಂಬ ಅಳತೆಯನ್ನು ಸಂಕ್ರಾಂತಿಗೆ ಮೊದಲೇ ಕೊಡಬೇಕೆಂದು ಕೋರುತ್ತೇನೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆಂದು ಮನೆಮನೆಯಲ್ಲೂ ಕಾಳು ಹಸನು ಮಾಡಲು ಕೂರುವುದು ಆಗಲೇ.

ಇಂತಿ,
ನಿವೃತ್ತ ಕೃಷಿ ಅಧಿಕಾರಿ,
ಕೊಪ್ಪಳ ಜಿಲ್ಲೆ