ವಿಷಯ: ಹೆಸರುಗಳಿಗೆ ಜಾಗವಿಲ್ಲದ ಪ್ರಮಾಣಪತ್ರ ವಿನ್ಯಾಸ ಹಾಗೂ 184 ಪ್ರತಿಗಳ ಮರುಮುದ್ರಣದ ಬಗ್ಗೆ

ಇವರಿಗೆ,
ವ್ಯವಸ್ಥಾಪಕರು,
ವಿನ್ಯಾಸ ಮತ್ತು ಮುದ್ರಣ ವಿಭಾಗ

ಮಾನ್ಯರೇ,

ನಮ್ಮ ತರಬೇತಿ ಕೇಂದ್ರದ ಪ್ರಮಾಣಪತ್ರಗಳನ್ನು ವಿನ್ಯಾಸ ಮಾಡಿ ಮುದ್ರಿಸಿಕೊಡುವ ಕೆಲಸವನ್ನು ನಿಮಗೆ ವಹಿಸಿದ್ದೆವು. 184 ಪ್ರತಿಗಳು ಹೇಳಿದ ದಿನವೇ ಬಂದವು, ಕಾಗದವೂ ಚೆನ್ನಾಗಿತ್ತು. ದೂರು ಇರುವುದು ಆ ಕಾಗದದ ಮೇಲೆ ನೀವು ಹೆಸರುಗಳನ್ನು ಕೂರಿಸಿದ ರೀತಿಯ ಬಗ್ಗೆ.

ವಿತರಣೆಯ ದಿನ ಅಕ್ಕಪಕ್ಕ ಕುಳಿತಿದ್ದ ಇಬ್ಬರು ತಮ್ಮ ಪ್ರಮಾಣಪತ್ರಗಳನ್ನು ಜೋಡಿಸಿ ಹಿಡಿದು ನೋಡಿದರು. ಒಬ್ಬರ ಹೆಸರು ಹಾಳೆಯ ನಡುವೆ ಎದ್ದು ಕಾಣುತ್ತಿತ್ತು. ಇನ್ನೊಬ್ಬರದು ಅದರ ಅರ್ಧಕ್ಕಿಂತಲೂ ಚಿಕ್ಕದಾಗಿ, ಉದ್ದ ಗೆರೆಯ ಮೇಲೆ ಮುದುಡಿ ಕುಳಿತಿತ್ತು. ಆ ಎರಡನೆಯವರು ನನ್ನ ಬಳಿ ಬಂದು, "ನನಗೆ ಕೊಟ್ಟಿರುವುದು ಎರಡನೇ ದರ್ಜೆಯದೇ?" ಎಂದು ಕೇಳಿದರು. ಅವರು ತೇರ್ಗಡೆಯಾದದ್ದು ಮೊದಲ ದರ್ಜೆಯಲ್ಲಿ. ತಪ್ಪು ಅವರ ಅಂಕಗಳದ್ದಲ್ಲ, ಹೆಸರಿನ ಉದ್ದದ್ದು ಎಂದು ವಿವರಿಸಿ ಹೇಳುವಷ್ಟರಲ್ಲಿ ನಾನು ನಾಚಿಕೆಯಿಂದ ಕುಗ್ಗಿಹೋದೆ.

ಮನೆಗೆ ಬಂದ ಮೇಲೆ ಕಚೇರಿಯ ಪ್ರತಿಗಳನ್ನು ಹರಡಿಕೊಂಡು ಸ್ಕೇಲ್ ಹಿಡಿದು ಅಳೆದೆ. 97 ಹೆಸರುಗಳು 48 ಪಾಯಿಂಟ್‌ನಲ್ಲಿವೆ, 61 ಹೆಸರುಗಳು 36ರಲ್ಲಿ, ಉಳಿದ 26 ಹೆಸರುಗಳು 22ರಲ್ಲಿ. ಅದೇ ಹಾಳೆಯ ಕೆಳಗೆ ಸಹಿ ಮಾಡುವವರ ಹೆಸರು 24 ಪಾಯಿಂಟ್ ದಪ್ಪಕ್ಷರದಲ್ಲಿದೆ. ಅಂದರೆ 26 ಮಂದಿಯ ಪಾಲಿಗೆ ಪ್ರಮಾಣಪತ್ರ ಪಡೆದವರಿಗಿಂತ ಅದಕ್ಕೆ ಸಹಿ ಹಾಕಿದವರೇ ದೊಡ್ಡವರಾಗಿದ್ದಾರೆ. ನಮ್ಮ ನಿರ್ದೇಶಕರಿಗೇ ಇದನ್ನು ತೋರಿಸಿದಾಗ ಅವರು ಮುಜುಗರಪಟ್ಟರು.

ಈ ಮೂರು ಅಳತೆಗಳು ಎಲ್ಲಿಂದ ಬಂದವು ಎಂದು ನಿಮ್ಮ ವಿನ್ಯಾಸಕಾರರನ್ನು ಫೋನಿನಲ್ಲಿ ಕೇಳಿದೆ. ಹೆಸರಿನಲ್ಲಿ 12 ಅಕ್ಷರಗಳವರೆಗೆ 48 ಪಾಯಿಂಟ್, 13ರಿಂದ 20ರವರೆಗೆ 36, ಅದಕ್ಕೂ ಹೆಚ್ಚಾದರೆ 22 ಎಂದು ತಂತ್ರಾಂಶದಲ್ಲಿ ನಿಯಮ ಹಾಕಿದ್ದೇವೆ ಎಂದರು. ಎಲ್ಲ ತೊಡಕಿನ ಬೇರು ಇಲ್ಲಿದೆ. ನೀವು ಎಣಿಸಿರುವುದು ಅಕ್ಷರಗಳನ್ನಲ್ಲ, ಕಂಪ್ಯೂಟರಿನ ಸಂಕೇತಗಳನ್ನು. ಕನ್ನಡದಲ್ಲಿ ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು, ಒತ್ತಕ್ಷರವನ್ನು ಜೋಡಿಸುವ ಹಲಂತ ಚಿಹ್ನೆಗೆ ಮತ್ತೊಂದು ಸಂಕೇತ ಸೇರುತ್ತದೆ. "ಲಕ್ಷ್ಮೀ" ಎಂಬುದು ಕಣ್ಣಿಗೆ ಎರಡಕ್ಷರ, ಯಂತ್ರಕ್ಕೆ ಏಳು ಸಂಕೇತ. "ಕಮಲಾಕರ" ಎಂಬುದು ಕಣ್ಣಿಗೆ ಐದಕ್ಷರ, ಯಂತ್ರಕ್ಕೆ ಬರೀ ಆರು. ಎರಡಕ್ಷರದ ಹೆಸರು ಐದಕ್ಷರದ ಹೆಸರಿಗಿಂತ ಉದ್ದ ಎಂದು ನಿಮ್ಮ ನಿಯಮ ತೀರ್ಪು ಕೊಟ್ಟಂತಾಯಿತು.

ಪಟ್ಟಿಯಲ್ಲಿರುವ ನಿಜವಾದ ಹೆಸರುಗಳನ್ನು ಇಲ್ಲಿ ಬರೆಯುವುದು ಸರಿಯಲ್ಲವಾದ್ದರಿಂದ ಅದೇ ಬಗೆಯ ಇನ್ನೊಂದು ಹೆಸರನ್ನು ಕಟ್ಟಿ ತೋರಿಸುತ್ತೇನೆ. "ಲಕ್ಷ್ಮೀಕೃಷ್ಣಸ್ವಾಮಿ" ಎಂದರೆ ಆರು ಅಕ್ಷರ, 18 ಸಂಕೇತ. ನಿಮ್ಮ ನಿಯಮದಂತೆ ಅದು 36 ಪಾಯಿಂಟ್‌ಗೆ ಇಳಿಯುತ್ತದೆ. "ಕಮಲನಯನ ಮಾಧವ" ಎಂದರೆ ಒಂಬತ್ತು ಅಕ್ಷರ, ನಡುವಿನ ತೆರಪೂ ಸೇರಿ 11 ಸಂಕೇತ. ಅದು ರಾಜನ ಹಾಗೆ 48 ಪಾಯಿಂಟ್‌ನಲ್ಲೇ ಉಳಿಯುತ್ತದೆ. ಆದ್ದರಿಂದ ಸಣ್ಣದಾದ 87 ಹೆಸರುಗಳಲ್ಲಿ ಎಷ್ಟೋ ಹೆಸರುಗಳು ನಿಜವಾಗಿ ಉದ್ದವೇ ಇರಲಿಲ್ಲ, ಒತ್ತಕ್ಷರ ಹೆಚ್ಚಿದ್ದವು ಅಷ್ಟೇ. ಒತ್ತಕ್ಷರವುಳ್ಳ ಹೆಸರಿಗೆ ಬೇಕಾದದ್ದು ಪಕ್ಕದ ಜಾಗಕ್ಕಿಂತ ಹೆಚ್ಚಾಗಿ ಕೆಳಗಿನ ಜಾಗ.

ಆ ಕೆಳಗಿನ ಜಾಗದ ಗತಿಯನ್ನೂ ನೋಡಿ. ಹೆಸರಿನ ಪಾದದಿಂದ ಕೇವಲ 3 ಮಿಲಿಮೀಟರ್ ಕೆಳಗೆ ನೀವು ಒಂದು ಬಂಗಾರದ ಗೆರೆ ಎಳೆದಿದ್ದೀರಿ. 48 ಪಾಯಿಂಟ್ ಎಂದರೆ ಸುಮಾರು 17 ಮಿಲಿಮೀಟರ್. ಆ ಅಳತೆಯಲ್ಲಿ ಒತ್ತಕ್ಷರ 3 ಮಿಲಿಮೀಟರನ್ನು ದಾಟಿ ಬಹಳ ಕೆಳಗೆ ಇಳಿಯುತ್ತದೆ. ಹೀಗಾಗಿ ಗೆರೆ ಒತ್ತಕ್ಷರಗಳ ಕೊರಳು ಕೊಯ್ದು ಹೋಗಿದೆ, ದೂರದಿಂದ ನೋಡಿದರೆ ಹೆಸರನ್ನು ಹೊಡೆದುಹಾಕಿದಂತೆ ಕಾಣುತ್ತದೆ. ಕೈಯಲ್ಲಿ ಹೆಸರು ಬರೆಯುತ್ತಿದ್ದ ಕಾಲದ ಪ್ರಮಾಣಪತ್ರಗಳಿಗೆ ಆ ಗೆರೆ ಬೇಕಿತ್ತು, ಬರೆಯುವವರ ಕೈ ಓರೆಯಾಗಬಾರದಲ್ಲ! ಅಚ್ಚಿನಲ್ಲೇ ಹೆಸರು ಬರುವಾಗ ಅದಕ್ಕೆ ಕೆಲಸವೇನೂ ಇಲ್ಲ. ಚಿಕ್ಕ ಹೆಸರುಗಳಿಗಂತೂ ಅದು ಅಪಕಾರವನ್ನೇ ಮಾಡಿದೆ: 150 ಮಿಲಿಮೀಟರ್ ಗೆರೆಯ ನಡುವೆ ಎರಡಕ್ಷರದ ಹೆಸರು ಕುಳಿತರೆ ಅರ್ಜಿ ನಮೂನೆಯನ್ನು ಯಾರೋ ಅರ್ಧಕ್ಕೆ ತುಂಬಿ ಬಿಟ್ಟಂತೆ ಇರುತ್ತದೆ.

ಇನ್ನು ಕಣ್ಣು ಎಲ್ಲಿಗೆ ಮೊದಲು ಹೋಗುತ್ತದೆ ಎಂಬ ವಿಚಾರ. ಒಂದು ಪ್ರತಿಯನ್ನು ಗೋಡೆಗೆ ಅಂಟಿಸಿ, ಮೂರು ಮೀಟರ್ ದೂರ ನಿಂತು, ಕಣ್ಣು ಕಿರಿದು ಮಾಡಿ ನೋಡಿ. ನನಗೆ ಮೊದಲು ಕಂಡದ್ದು ಎಡಗಡೆಯ ಪದಕದ ಚಿತ್ರ, ಆಮೇಲೆ 64 ಪಾಯಿಂಟ್‌ನ "ಪ್ರಮಾಣಪತ್ರ" ಎಂಬ ಶೀರ್ಷಿಕೆ, ಆಮೇಲೆ ಸಹಿಗಳು. ಹೆಸರಿಗೆ ನಾಲ್ಕನೇ ಸರದಿ. ಇದು ಪ್ರಮಾಣಪತ್ರ ಎಂಬುದು ಅಂಚುಪಟ್ಟಿ ಮತ್ತು ಮುದ್ರೆಯಿಂದಲೇ ತಿಳಿಯುತ್ತದೆ, ಅದನ್ನು ಅಷ್ಟು ಗಟ್ಟಿಯಾಗಿ ಕೂಗಿ ಹೇಳಬೇಕಿಲ್ಲ. ಮೊದಲು ಹೆಸರು, ನಂತರ ಯಾವ ತರಬೇತಿಗಾಗಿ ಎಂಬುದು, ನಂತರ ಕೊಟ್ಟವರು ಯಾರು ಎಂಬುದು, ಕೊನೆಗೆ ದಿನಾಂಕ, ಕ್ರಮಸಂಖ್ಯೆ, ಸಹಿ. ಸಂಸ್ಥೆಯ ಹೆಸರು ಎಲ್ಲಕ್ಕಿಂತ ಮೇಲಿರಬೇಕು ಎಂದು ನಿಮ್ಮವರು ವಾದಿಸಿದರು. ಮೇಲೆ ಇರಲಿ, ನನ್ನ ಅಭ್ಯಂತರವಿಲ್ಲ. ಮೇಲಿರುವುದೇ ಅದಕ್ಕೆ ಸಿಗುವ ಮರ್ಯಾದೆ. ಅದರ ಮೇಲೆ ಗಾತ್ರವನ್ನೂ ಕೊಟ್ಟರೆ ಹೆಸರಿಗೆ ಉಳಿಯುವುದೇನು?

ಗಾಂಭೀರ್ಯದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಂಗಾರದಂತೆ ಹೊಳೆಯಬೇಕೆಂದು ಹಾಕಿದ ಬಣ್ಣದ ಏರಿಳಿತ ಪರದೆಯ ಮೇಲೆ ಚೆಂದವಿತ್ತು. ನಾಲ್ಕು ಬಣ್ಣಗಳ ಮಾಮೂಲಿ ಮುದ್ರಣದಲ್ಲಿ ಲೋಹದ ಹೊಳಪು ಬರುವುದಿಲ್ಲ, ಅದಕ್ಕೆ ಹಾಳೆಗೆ ಬಂಗಾರದ ತಗಡನ್ನೊತ್ತಬೇಕು ಇಲ್ಲವೇ ಲೋಹದ ಶಾಯಿ ಬಳಸಬೇಕು. ಈಗ ಅದು ಕಂದಿದ ಸಾಸಿವೆ ಬಣ್ಣವಾಗಿದೆ. ನೆರಳು ಸಮೇತ ಬಿಡಿಸಿದ ಉಬ್ಬುಮುದ್ರೆಯ ಚಿತ್ರವನ್ನೂ ಅಚ್ಚು ಹಾಕಿದ್ದೀರಿ. ನಮ್ಮಲ್ಲಿ ನಿಜವಾದ ಉಬ್ಬುಮುದ್ರೆಯೇ ಇದೆ, ಅದನ್ನು ಒತ್ತಲು ಜಾಗ ಸಿಗದೆ ದಿನಾಂಕದ ಮೇಲೆ ಒತ್ತಬೇಕಾಯಿತು. "ಅಭಿನಂದನೆಗಳು!" ಎಂಬ ಉದ್ಗಾರ ಹುಟ್ಟುಹಬ್ಬದ ಕಾರ್ಡಿಗೆ ಸರಿ.

ಒಂದು ವ್ಯಾಕರಣದ ಮಾತನ್ನೂ ಹೇಳಲೇಬೇಕು. ನಿಮ್ಮ ನಮೂನೆಯಲ್ಲಿ ಹೆಸರಿನ ಬಾಲಕ್ಕೆ "ಗೆ" ಎಂದು ಅಂಟಿಸಲಾಗಿದೆ. ಆದರೆ ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಎಲ್ಲ ಹೆಸರಿಗೂ ಒಂದೇ ರೀತಿ ಹತ್ತುವುದಿಲ್ಲ. "ಕಮಲಾಕರಗೆ" ಎಂದು ಯಾರು ಬರೆಯುತ್ತಾರೆ? ಹೆಸರು ತನ್ನ ಪಾಡಿಗೆ ಒಂದು ಸಾಲಿನಲ್ಲಿ ನಿಲ್ಲಲಿ, ಅದರ ಕೆಳಗಿನ ಸಾಲು "ಇವರು" ಎಂದು ಶುರುವಾಗಿ "ಪೂರೈಸಿದ್ದಾರೆ" ಎಂದು ಮುಗಿಯಲಿ. ಆಗ ಗಂಡು ಹೆಣ್ಣೆಂಬ ತೊಡಕೂ ಇರುವುದಿಲ್ಲ, ಬಾಲ ಅಂಟಿಸಿ ಹೆಸರು ಇನ್ನಷ್ಟು ಉದ್ದವಾಗುವುದೂ ಇಲ್ಲ.

ನನ್ನ ಮೊದಲ ಪತ್ರಕ್ಕೆ ನೀವು ಕೊಟ್ಟ ಉತ್ತರ ಒಂದೇ ಸಾಲಿನದು: "ಕರಡಚ್ಚಿಗೆ ನೀವೇ ಒಪ್ಪಿಗೆ ಕೊಟ್ಟಿದ್ದೀರಿ." ನಿಜ, ಕೊಟ್ಟೆ. ಕರಡಚ್ಚಿನಲ್ಲಿ ಇದ್ದದ್ದು "ರಮಾ" ಎಂಬ ಎರಡಕ್ಷರದ ಹೆಸರು. ಅತ್ಯಂತ ಉದ್ದದ ಹೆಸರನ್ನೂ ತೋರಿಸಿ ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ, ಅಷ್ಟು ತಪ್ಪು ನನ್ನದು. ಆದರೆ ಕರಡಚ್ಚು ಕಳುಹಿಸುವ ಹೊತ್ತಿಗೆ 184 ಹೆಸರುಗಳ ಪಟ್ಟಿ ನಿಮ್ಮ ಕೈಯಲ್ಲಿತ್ತು. ಒತ್ತಕ್ಷರವಿಲ್ಲದ ಎರಡಕ್ಷರದ ಹೆಸರು ಯಾವ ವಿನ್ಯಾಸಕ್ಕಾದರೂ ಹೊಂದುತ್ತದೆ. ಅದನ್ನು ಹಾಕಿ ತೋರಿಸಿದರೆ ವಿನ್ಯಾಸವನ್ನು ಪರೀಕ್ಷಿಸಿದಂತಾಗುವುದಿಲ್ಲ.

ಸರಿಪಡಿಸುವುದು ಕಷ್ಟವೇನಲ್ಲ ಎಂದು ತಿಳಿಯಲು ನಾನೇ ಕುಳಿತು ಎಳೆದು ನೋಡಿದೆ. ಅಡ್ಡ ಹಾಳೆಯ ಅಗಲ 297 ಮಿಲಿಮೀಟರ್. ಎಡಗಡೆಯ ಪದಕದ ಚಿತ್ರವನ್ನು ತೆಗೆದರೆ, ಅಂಚುಪಟ್ಟಿ ಮತ್ತು ಎರಡೂ ಬದಿಯ ಬಿಡುವು ಕಳೆದು 220 ಮಿಲಿಮೀಟರ್ ಅಗಲ ಹೆಸರಿಗೆ ಸಿಗುತ್ತದೆ. ಎಲ್ಲರಿಗೂ ಒಂದೇ ಅಳತೆ, 40 ಪಾಯಿಂಟ್ ಎಂದು ಇಟ್ಟುಕೊಂಡೆ. ಸಂಕೇತ ಎಣಿಸುವುದನ್ನು ಬಿಟ್ಟು, ಅದೇ ಫಾಂಟಿನಲ್ಲಿ ಪ್ರತಿ ಹೆಸರನ್ನೂ ಹಾಕಿ ಅದರ ನಿಜವಾದ ಅಗಲವನ್ನು ಅಳೆದೆ. 171 ಹೆಸರುಗಳು ಒಂದೇ ಸಾಲಿನಲ್ಲಿ ಹಿಡಿದವು. ಉಳಿದ 13 ಹೆಸರುಗಳನ್ನು ಕುಗ್ಗಿಸದೆ, ಅದೇ 40 ಪಾಯಿಂಟ್‌ನಲ್ಲಿ ಎರಡು ಸಾಲಾಗಿ ಇಟ್ಟೆ. ಒತ್ತಕ್ಷರ ಕೆಳಗಿನ ಸಾಲಿನ ಗುಡಿಸು, ಎತ್ವ, ತಲೆಕಟ್ಟುಗಳಿಗೆ ತಾಗಬಾರದೆಂದು ಸಾಲಿನಿಂದ ಸಾಲಿಗೆ 60 ಪಾಯಿಂಟ್, ಅಂದರೆ ಸುಮಾರು 21 ಮಿಲಿಮೀಟರ್ ಅಂತರ ಕೊಟ್ಟೆ. ಹೆಸರಿಗೆಂದು 45 ಮಿಲಿಮೀಟರ್ ಎತ್ತರವನ್ನು ಎಲ್ಲ ಪ್ರತಿಗಳಲ್ಲೂ ಕಾಯ್ದಿರಿಸಿ, ಒಂದು ಸಾಲಿನ ಹೆಸರನ್ನು ಅದರ ನಟ್ಟನಡುವೆ ಕೂರಿಸಿದರೆ ಸಾಕು. ಮೇಲೆ ಕೆಳಗೆ ಬಿಳಿ ಜಾಗ ಉಳಿಯುತ್ತದೆ, ಚಿಕ್ಕ ಹೆಸರಿಗೆ ಅದು ಶೋಭೆಯೇ.

ಸಾಲು ಮುರಿಯುವ ಕೆಲಸವನ್ನು ಮಾತ್ರ ಯಂತ್ರಕ್ಕೆ ಬಿಡಬೇಡಿ. ನನ್ನ ಮೊದಲ ಪ್ರಯತ್ನದಲ್ಲಿ ಒಬ್ಬರ ಇನಿಷಿಯಲ್ ಮೇಲಿನ ಸಾಲಿನ ತುದಿಯಲ್ಲಿ ಅನಾಥವಾಗಿ ನಿಂತು, ಅದು ಸೇರಬೇಕಾದ ಹೆಸರು ಕೆಳಗೆ ಹೋಯಿತು. ಇನಿಷಿಯಲ್ ಮತ್ತು ಹೆಸರಿನ ನಡುವೆ ಮುರಿಯದ ತೆರಪು ಹಾಕಿದರೆ ಈ ತೊಂದರೆ ಇಲ್ಲ. ಅಕ್ಷರಗಳನ್ನು ಅಡ್ಡಕ್ಕೆ ಹಿಂಡಿ ಒಂದೇ ಸಾಲಿನಲ್ಲಿ ತುರುಕುವ ಉಪಾಯವನ್ನೂ ದಯವಿಟ್ಟು ಹೂಡಬೇಡಿ. ದ ಮತ್ತು ಧ ಬೇರೆಯಾಗುವುದು ಒಂದು ಸಣ್ಣ ಸೀಳಿನಿಂದ. ಹಿಂಡಿದ ಅಕ್ಷರದಲ್ಲಿ, ಅದೂ ಹಿನ್ನೆಲೆಯ ಹೂಬಳ್ಳಿಯ ಮೇಲೆ, ಆ ಸೀಳು ಮುಚ್ಚಿಹೋಗಿ ಹೆಸರೇ ತಪ್ಪಾಗಿ ಓದಿಸಿಕೊಳ್ಳುತ್ತದೆ.

ಬರೀ ಆ 26 ಪ್ರತಿಗಳನ್ನು ಬದಲಿಸಿಕೊಡುತ್ತೇವೆ ಎಂಬ ನಿಮ್ಮ ಸಲಹೆಯನ್ನು ಒಪ್ಪಲಾರೆ. ಒಂದೇ ತರಗತಿಯವರ ಕೈಯಲ್ಲಿ ಎರಡು ಬಗೆಯ ಪ್ರಮಾಣಪತ್ರಗಳಿದ್ದರೆ ನಾಳೆ ಯಾವುದು ಅಸಲಿ ಎಂಬ ಪ್ರಶ್ನೆ ಏಳುತ್ತದೆ. 184 ಪ್ರತಿಗಳನ್ನೂ ಅದೇ ಕ್ರಮಸಂಖ್ಯೆಗಳೊಂದಿಗೆ ನಿಮ್ಮ ಖರ್ಚಿನಲ್ಲೇ ಹೊಸದಾಗಿ ಮುದ್ರಿಸಿಕೊಡಬೇಕು. ಹಳೆಯವನ್ನು ನಾವು ಹಿಂದಕ್ಕೆ ಪಡೆದು ರದ್ದು ಮಾಡುತ್ತೇವೆ.

ಮುದ್ರಣಕ್ಕೆ ಮೊದಲು ಐದು ಹೆಸರುಗಳ ಕರಡಚ್ಚುಗಳನ್ನು ಕಾಗದದ ಮೇಲೆಯೇ ಕಳುಹಿಸಿ: ಅತಿ ಚಿಕ್ಕದು, ಅತಿ ಅಗಲದ್ದು, ಒತ್ತಕ್ಷರ ಅತಿ ಕೆಳಗಿಳಿಯುವುದು, ಇನಿಷಿಯಲ್ ಇರುವ ಎರಡು ಸಾಲಿನದು, ಮತ್ತು 220 ಮಿಲಿಮೀಟರಿನ ಗಡಿಗೆ ಬಂದು ನಿಂತದ್ದು. ಆ ಐದೂ ಸರಿಯಿದ್ದರೆ ಮಾತ್ರ ಸಹಿ ಹಾಕುತ್ತೇನೆ. ಅಳತೆ ಮಾಡಿದ ಪಟ್ಟಿ ಮತ್ತು ನಾನು ಎಳೆದ ನಕ್ಷೆಯನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ. 15 ದಿನಗಳೊಳಗೆ ಕರಡಚ್ಚುಗಳು ಕೈ ಸೇರದಿದ್ದರೆ ಈ ಕೆಲಸವನ್ನು ಬೇರೆಯವರಿಂದ ಮಾಡಿಸಿ, ಅದರ ಬಿಲ್ಲನ್ನು ನಿಮಗೆ ಕಳುಹಿಸಬೇಕಾಗುತ್ತದೆ.

ಇಂತಿ,
ತರಬೇತಿ ಕೇಂದ್ರದ ದಾಖಲೆ ವಿಭಾಗದ ಮೇಲ್ವಿಚಾರಕರು