ಕಾಫಿ ಪುಡಿಯ ವಿವರ ಬರೆಯುವವರಿಗೆ

ಎಲ್ಲರಿಗೂ ನಮಸ್ಕಾರ. ಪುಡಿ ಮಾರಾಟಕ್ಕೆ ಹಾಕುವಾಗ ‘ಸೂಪರ್ ಟೇಸ್ಟ್’, ‘ಘಮಘಮ’ ಅಂತ ಬರೆಯಬೇಡಿ. ಕೊಳ್ಳುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ:

‘ಕಾಫಿ 80, ಚಿಕೋರಿ 20, ತೂಕದ ಲೆಕ್ಕದಲ್ಲಿ. ಮಧ್ಯಮ ಹುರಿತ: ಬೀಜ ಕಂದು ಬಣ್ಣ, ಮೇಲೆ ಎಣ್ಣೆ ಜಿನುಗಿಲ್ಲ. ಸಣ್ಣ ರವೆಯಷ್ಟು ತರಿ. ಸ್ಟೀಲ್ ಫಿಲ್ಟರಿಗೆ. 20 ಗ್ರಾಂ ಪುಡಿಗೆ 120 ಮಿ.ಲೀ. ಬಿಸಿನೀರು, ಇಳಿಯಲು ಸುಮಾರು 15 ನಿಮಿಷ.’

ಚಿಕೋರಿಯ ಪ್ರಮಾಣ ಮುಚ್ಚಿಡಬೇಡಿ. ಅದು ಡಿಕಾಕ್ಷನ್‌ಗೆ ಕಪ್ಪು ಬಣ್ಣ, ಗಟ್ಟಿತನ ಕೊಡುತ್ತದೆ, ಆದರೆ ಅದರಲ್ಲಿ ಕೆಫೀನ್ ಇಲ್ಲ. ಹಾಗಾಗಿ ಬಣ್ಣ ಗಾಢ ಇದ್ದ ಮಾತ್ರಕ್ಕೆ ಕಾಫಿ ಜಾಸ್ತಿ ಇದೆ ಅಂತಲ್ಲ. ಕೆಲವರಿಗೆ ಚಿಕೋರಿಯೇ ಬೇಕು, ಅದೂ ಸರಿಯೇ. ಪುಡಿಗೆ ಚಿಕೋರಿ ಹಾಕಿಲ್ಲದಿದ್ದರೆ ‘ಚಿಕೋರಿ ಇಲ್ಲ’ ಎಂದೇ ಬರೆಯಿರಿ.

ತರಿಯನ್ನು ಅಂದಾಜಿನಲ್ಲಿ ಹೇಳಬೇಡಿ, ಒಮ್ಮೆ ಇಳಿಸಿ ನೋಡಿ. ತೀರಾ ನುಣ್ಣಗಿದ್ದರೆ ಫಿಲ್ಟರಿನ ತೂತು ಕಟ್ಟಿಕೊಂಡು ನೀರು ಮೇಲೆಯೇ ನಿಲ್ಲುತ್ತದೆ. ಚಿಕೋರಿ ಜಾಸ್ತಿಯಿದ್ದರೂ ಇಳಿಯುವುದು ನಿಧಾನ. ಎರಡೇ ನಿಮಿಷದಲ್ಲಿ ಎಲ್ಲ ಇಳಿದು ಡಿಕಾಕ್ಷನ್ ತೆಳ್ಳಗಾದರೆ ತರಿ ದಪ್ಪ ಅಂತ ತಿಳಿಯಿರಿ. ಅಂಥ ಪುಡಿಯನ್ನು ನೀರಿನಲ್ಲಿ ನೆನೆಸಿಟ್ಟು ಸೋಸುವ ಫ್ರೆಂಚ್ ಪ್ರೆಸ್‌ಗೆ ಅಂತ ಹಾಕಬಹುದು.